ನಾಲ್ಕು ಸಲ ಮಿನುಗಿದ ಕೆಂಪು ದೀಪ

ಕಂಪ್ಯೂಟರ್ ರಿಪೇರಿ ಅಂಗಡಿಯ ಆಕೆಗೆ ಆ ಬೀದಿಯವರು ಇಟ್ಟ ಹೆಸರು ಬೋರ್ಡಕ್ಕ. ಮೂವತ್ತು ವರ್ಷದಿಂದ ಮದರ್‌ಬೋರ್ಡುಗಳ ಮೇಲೆ ಬಗ್ಗಿ ಬಗ್ಗಿ ಅವಳ ಬೆನ್ನು ಸ್ವಲ್ಪ ಬಾಗಿತ್ತು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಅಂಗಡಿಯ ಅರ್ಧ ಅವಳದು, ಇನ್ನರ್ಧ ಮೊಬೈಲ್ ರಿಪೇರಿ ಮಾಡುವ ಅವಳ ಗಂಡನದು. ಇಬ್ಬರ ಮೇಜಿನ ನಡುವೆ ಒಂದು ಟೇಬಲ್ ಫ್ಯಾನು. ಅದು ಯಾರ ಕಡೆ ತಿರುಗಬೇಕು ಎಂಬುದೊಂದೇ ಅವರ ಸಂಸಾರದ ಜಗಳ ಎಂದು ಗಂಡ ಗಿರಾಕಿಗಳ ಮುಂದೆ ನಗೆಯಾಡುತ್ತಿದ್ದ.

ಅವಳ ಮೇಜಿನ ಹಿಂದಿನ ಗೋಡೆಗೆ ಕೈಬರಹದ ಒಂದು ಪಟ್ಟಿ ಅಂಟಿಸಿತ್ತು. ಆಫೀಸುಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಕಂಪನಿಯ ಕಂಪ್ಯೂಟರುಗಳು ಕೆಟ್ಟಾಗ ಪರದೆಯ ಮೇಲೆ ಏನೂ ಬರುವುದಿಲ್ಲ. ಮುಂಭಾಗದ ಪುಟ್ಟ ದೀಪ ಕೆಂಪಗೆ ಮಿನುಗುತ್ತದೆ, ಜೊತೆಗೆ ಒಳಗಿನಿಂದ ಅಷ್ಟೇ ಸಲ ಬೀಪ್ ಎನ್ನುತ್ತದೆ. ಎರಡು ಸೆಕೆಂಡು ಸುಮ್ಮನಾಗಿ ಮತ್ತೆ ಮೊದಲಿನಿಂದ. ನಾಲ್ಕು ಸಲವಾದರೆ ಪವರ್, ಐದಾದರೆ ಮೆಮೊರಿ, ಆರಾದರೆ ಡಿಸ್‌ಪ್ಲೇ, ಏಳಾದರೆ ಬೋರ್ಡು. ಪಟ್ಟಿಯಲ್ಲಿ ಇದ್ದದ್ದು ಇಷ್ಟೆ. ಬೋರ್ಡಕ್ಕ ಅದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಅದು ಅವಳಿಗೆ ಮಗ್ಗಿಯ ಹಾಗೆ ಬಾಯಿಗೆ ಬಂದುಹೋಗಿತ್ತು.

ಅನೌನ್ಸರ್ ಮತ್ತು ಅವರ ತಂಗಿ ಅಂಥದೇ ಒಂದು ಕಂಪ್ಯೂಟರನ್ನು ಎರಡನೆಯ ಸಲ ಹೊತ್ತು ತಂದದ್ದು ಒಂದು ಬೆಳಗ್ಗೆ, ಅಂಗಡಿಯ ಬಾಗಿಲು ಆಗ ತಾನೇ ತೆರೆದಿತ್ತು. ಅನೌನ್ಸರ್ ಎಂದರೆ ಬಸ್ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ ಮೈಕಿನ ಮುಂದೆ ಕೂತಿದ್ದವರು. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡವಾಗಿದೆ, ಯಾರ ಮಗು ಕಳೆದುಹೋಗಿ ವಿಚಾರಣೆ ಕಿಟಕಿಯ ಬಳಿ ಅಳುತ್ತಿದೆ ಎಂದು ಊರಿಗೆಲ್ಲ ಹೇಳಿದ ದನಿ ಅವರದು. ಈಗ ಅವರ ಕತ್ತಿನ ಸುತ್ತ ಒಂದು ತೆಳುವಾದ ಬಿಳಿ ಬಟ್ಟೆ. ಗಂಟಲಿನ ಗಡ್ಡೆಗೆ ಆಪರೇಷನ್ ಆಗಿ ಎರಡು ವರ್ಷ ಕಳೆದಿತ್ತು. ದನಿಪೆಟ್ಟಿಗೆ ಪೂರ್ತಿ ತೆಗೆದಿದ್ದರು. ಬಟ್ಟೆಯ ಹಿಂದಿನ ರಂಧ್ರದಿಂದ ಉಸಿರಾಡುತ್ತಿದ್ದರು, ಜೇಬಿನ ನೋಟ್‌ಬುಕ್ಕಿನಲ್ಲಿ ಬರೆದು ಮಾತಾಡುತ್ತಿದ್ದರು.

"ಮತ್ತೆ ಅದೇ ಕಾಯಿಲೆ ಅಕ್ಕ," ಎಂದಳು ತಂಗಿ, ಕಂಪ್ಯೂಟರನ್ನು ಮೇಜಿನ ಮೇಲಿಟ್ಟು. "ಎರಡು ತಿಂಗಳು ಚೆನ್ನಾಗೇ ಇತ್ತು. ನಿನ್ನೆ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಆಫ್ ಆಯ್ತು. ನಾಲ್ಕು ಸಲ ಬೀಪ್ ಅನ್ನುತ್ತೆ, ಸುಮ್ಮನಾಗುತ್ತೆ."

ಎರಡು ತಿಂಗಳ ಹಿಂದೆಯೂ ನಾಲ್ಕೇ ಬೀಪ್. ಆವತ್ತು ಅಂಗಡಿ ತುಂಬ ಜನ ಇದ್ದರು. ಬೋರ್ಡಕ್ಕ ದೀಪ ಎಣಿಸಿದಳು, ಪವರ್ ಸಪ್ಲೈ ಎಂದಳು, ಹಳೆಯದನ್ನು ಬಿಚ್ಚಿ ಅದಕ್ಕಿಂತ ದೊಡ್ಡದೊಂದನ್ನು ಕೂರಿಸಿದಳು. ಕಂಪ್ಯೂಟರ್ ಮರುಮಾತಿಲ್ಲದೆ ಎದ್ದಿತ್ತು. ಅರ್ಧ ಗಂಟೆಯ ಕೆಲಸ. ಅನೌನ್ಸರ್ ನೋಟ್‌ಬುಕ್ಕಿನಲ್ಲಿ 'ನಿಮ್ಮ ಕೈಗುಣ' ಎಂದು ಬರೆದು ತೋರಿಸಿ ಹೋಗಿದ್ದರು.

"ಹೊಸ ಪವರ್ ಸಪ್ಲೈಯೇ ಕೆಟ್ಟಿರಬಹುದು. ಈಗಿನ ಮಾಲು ಹಾಗೇ ಇರುತ್ತೆ. ಒಂದು ನಿಮಿಷ ಕೂತ್ಕೊಳ್ಳಿ," ಎಂದಳು ಬೋರ್ಡಕ್ಕ.

ಅವಳು ಸಪ್ಲೈಯ ವೈರುಗಳನ್ನೆಲ್ಲ ಬೋರ್ಡಿನಿಂದ ಕಿತ್ತು ಟೆಸ್ಟರಿಗೆ ಸಿಕ್ಕಿಸಿದಳು. ಟೆಸ್ಟರ್ ಎಂದರೆ ಅಂಗೈಯಗಲದ ಪೆಟ್ಟಿಗೆ. ಅದು ಸಪ್ಲೈಯ ಮೇಲೆ ಸ್ವಲ್ಪ ಹೊರೆ ಹೇರಿ ಅದು ಎಷ್ಟು ವೋಲ್ಟ್ ಕೊಡುತ್ತಿದೆ ಎಂದು ತೋರಿಸುತ್ತದೆ. ಹನ್ನೆರಡು ಸರಿಯಾಗಿತ್ತು, ಐದು ಸರಿಯಾಗಿತ್ತು, ಮೂರೂ ಚಿಲ್ಲರೆಯೂ ಸರಿಯಾಗಿತ್ತು. ಸಪ್ಲೈಯ ಬೆನ್ನಿನ ಹಸಿರು ದೀಪ ಒಂದಿಷ್ಟೂ ಅಲುಗದೆ ಉರಿಯುತ್ತಿತ್ತು. ಮತ್ತೆ ಬೋರ್ಡಿಗೆ ಜೋಡಿಸಿ ಬಟನ್ ಒತ್ತಿದಳು. ಕಂಪ್ಯೂಟರಿನೊಳಗಿನ ಫ್ಯಾನು ಕಾಲು ಸುತ್ತು ತಿರುಗಿ ನಿಂತಿತು. ಹಸಿರು ದೀಪ ಆರಿತು. ಮುಂಭಾಗದ ಕೆಂಪು ದೀಪ ಒಂದು, ಎರಡು, ಮೂರು, ನಾಲ್ಕು.

ಬೋರ್ಡಕ್ಕ ಒಳಗಿನದನ್ನೆಲ್ಲ ಒಂದೊಂದಾಗಿ ಕಳಚತೊಡಗಿದಳು. ಡಿಸ್ಕ್ ಬಿಚ್ಚಿದಳು, ಮೆಮೊರಿ ಕಿತ್ತಳು, ಸೌಂಡ್ ಕಾರ್ಡ್ ತೆಗೆದಳು. ಬೋರ್ಡು, ಪ್ರೊಸೆಸರ್ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಬಟನ್ ಒತ್ತಿದಳು. ನಾಲ್ಕು.

ಸಪ್ಲೈ ಒಂಟಿಯಾಗಿದ್ದಾಗ ಗಟ್ಟಿಮುಟ್ಟು, ಬೋರ್ಡಿಗೆ ಕಟ್ಟಿದರೆ ಕುಸಿಯುತ್ತದೆ. ನಾಲ್ಕು ಎಂದರೆ ಪವರ್ ಎಂಬುದು ನಿಜ. ಆದರೆ ಪವರ್ ಕೊಡುವವನು ಸತ್ತರೂ ನಾಲ್ಕು, ತೆಗೆದುಕೊಳ್ಳುವವನು ಶಾರ್ಟ್ ಆಗಿ ಕೊಡುವವನ ಕತ್ತು ಹಿಸುಕಿದರೂ ನಾಲ್ಕೇ. ದೀಪ ಹೇಳುವುದು ಪವರ್ ಬೀಳುತ್ತಿದೆ ಎಂದಷ್ಟೆ. ಬೀಳಿಸಿದ್ದು ಯಾರು ಎಂದು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಇಬ್ಬರನ್ನೂ ಬೇರೆ ಬೇರೆ ಮಾಡಿ ನೋಡಬೇಕು. ಇದು ಕಸುಬಿನ ಮೊದಲ ಪಾಠ. ಎರಡು ತಿಂಗಳ ಹಿಂದೆ ಅವಳು ಹಾಗೆ ನೋಡಿರಲಿಲ್ಲ.

ಅವಳು ಎದ್ದು ಒಳಗಿನ ಗೂಡಿನ ಕಪಾಟಿಗೆ ಹೋದಳು. ಕೆಟ್ಟ ಸಪ್ಲೈಗಳನ್ನು ಗುಜರಿಯವನಿಗೆ ಕೊಡಲು ಅಲ್ಲಿ ಪೇರಿಸಿಟ್ಟಿದ್ದಳು. ಅನೌನ್ಸರ ಹಳೆಯ ಸಪ್ಲೈ ಸಿಕ್ಕಿತು. ಅಲ್ಲೇ ನಿಂತು ಟೆಸ್ಟರಿಗೆ ಕೊಟ್ಟಳು. ಹನ್ನೆರಡು, ಐದು, ಮೂರೂ ಚಿಲ್ಲರೆ, ಹಸಿರು ದೀಪ. ಅದು ಎಂದೂ ಕೆಟ್ಟಿರಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಳು.

ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಹಳೆಯ ಸಪ್ಲೈ ಚಿಕ್ಕದು, ಹೊರೆ ಹೆಚ್ಚಾದ ಕೂಡಲೇ ತಾನು ನಿಂತು ಬೋರ್ಡನ್ನು ಉಳಿಸುತ್ತಿತ್ತು. ಅವಳು ಹಾಕಿದ ದೊಡ್ಡದು ಸುಲಭಕ್ಕೆ ನಿಲ್ಲುವಂಥದ್ದಲ್ಲ. ಎಲ್ಲೋ ಕರೆಂಟು ಸೋರುತ್ತಿದ್ದ ಬೋರ್ಡಿಗೆ ಎರಡು ತಿಂಗಳು ದಿನವೂ ಕರೆಂಟು ತುಂಬಿ ತುಂಬಿ ಒಳಗೊಳಗೇ ಬೇಯಿಸಿತ್ತು. ಸೋರಿಕೆ ಪೂರ್ತಿ ಶಾರ್ಟ್ ಆದ ಮೇಲೆ ನಿನ್ನೆ ಅದೂ ನಿಂತಿತ್ತು.

ಅವಳು ಹೊರಗೆ ಬಂದಾಗ ತಂಗಿ ಹೇಳಿದಳು, "ರಿಪೇರಿ ಆಗದಿದ್ರೆ ಬಿಡಿ ಅಕ್ಕ, ಬೇರೆ ಕಂಪ್ಯೂಟರ್ ತಗೋತೀವಿ. ಒಳಗಿರೋದು ಸಿಕ್ಕಿದ್ರೆ ಸಾಕು."

"ಒಳಗೆ ಏನಿದೆ?"

ತಂಗಿ ಅಣ್ಣನ ಮುಖ ನೋಡಿದಳು. ಅವರು ತಲೆಯಾಡಿಸಿದರು.

"ಅಣ್ಣನ ದನಿ ಇದೆ," ಎಂದಳು. ಆಪರೇಷನ್ನಿಗೆ ಮುಂಚೆ ಹನ್ನೊಂದು ದಿನ, ನಿಲ್ದಾಣದ ಮೈಕಿನ ಕೋಣೆಯಲ್ಲೇ ಕೂತು, ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಟೀಚರ್ ಬರೆದುಕೊಟ್ಟ ಸಾವಿರಾರು ವಾಕ್ಯಗಳನ್ನು ಅವರು ಓದಿ ರೆಕಾರ್ಡ್ ಮಾಡಿದ್ದರು. ಟೀಚರ್ ಅದರಿಂದ ಒಂದು ಪ್ರೋಗ್ರಾಮ್ ಕಟ್ಟಿಕೊಟ್ಟಿದ್ದರು. ಕೀಬೋರ್ಡಿನಲ್ಲಿ ಏನೇ ಬರೆದರೂ ಕಂಪ್ಯೂಟರ್ ಅದನ್ನು ಅವರದೇ ದನಿಯಲ್ಲಿ ಹೇಳುತ್ತಿತ್ತು. ರಿಟೈರ್ ಆಗುವಾಗ ಜೊತೆಯವರು ಆ ಕೋಣೆಯ ಹಳೆಯ ಕಂಪ್ಯೂಟರನ್ನೇ ಮನೆಗೆ ಕೊಟ್ಟು ಕಳಿಸಿದ್ದರು.

"ಟೀಚರ್ ಹತ್ರ ಇನ್ನೊಂದು ಕಾಪಿ ಇರಬೇಕಲ್ಲ?"

"ಇಲ್ಲ ಅಂದ್ರು. ನಿನ್ನೆ ಸಂಜೆನೇ ಫೋನ್ ಮಾಡಿ ಕೇಳಿದ್ವಿ."

ಬೋರ್ಡಕ್ಕನಿಗೆ ಒಂದು ಕ್ಷಣ ಜೀವ ಬಂದಂತಾಯಿತು. ಡಿಸ್ಕು ಬೇರೆ, ಬೋರ್ಡು ಬೇರೆ. ಬೋರ್ಡು ಸುಟ್ಟರೂ ಡಿಸ್ಕಿನಲ್ಲಿದ್ದದ್ದು ಎಲ್ಲಿಗೂ ಓಡುವುದಿಲ್ಲ. ಅವಳು ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. ಪರದೆಯ ಮೇಲೆ ನೀಲಿ ಚೌಕ ಬಂತು. ಡಿಸ್ಕಿಗೆ ಬೀಗ ಹಾಕಿದೆ, ನಲವತ್ತೆಂಟು ಅಂಕಿಗಳ ಕೀಲಿ ಕೊಡಿ ಎಂದು ಕೇಳಿತು.

ಆಫೀಸಿನ ಕಂಪ್ಯೂಟರಲ್ಲವೇ, ಕಳ್ಳರ ಕೈಗೆ ಸಿಕ್ಕಿದರೂ ಏನೂ ತೆರೆಯದಿರಲಿ ಎಂದು ಆಫೀಸಿನವರೇ ಬೀಗ ಹಾಕಿದ್ದರು. ಕೀಲಿ ಬೋರ್ಡಿನ ದೊಡ್ಡ ಚಿಪ್ಪಿನೊಳಗೆ ಅಡಗಿತ್ತು. ಬೋರ್ಡು ಬದುಕಿದ್ದಷ್ಟು ದಿನ ಬೀಗ ತಾನಾಗಿ ತೆರೆದುಕೊಳ್ಳುತ್ತಿತ್ತು, ಹಾಗಾಗಿ ಅಂಥದ್ದೊಂದು ಇದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಅನೌನ್ಸರ್ ನೋಟ್‌ಬುಕ್ಕಿನಲ್ಲಿ ಬರೆದರು: 'ಆಫೀಸಿನಲ್ಲಿ ಕೇಳುತ್ತೇನೆ.' ಅಣ್ಣ ತಂಗಿ ಇಬ್ಬರೂ ಆಗಲೇ ಹೊರಟರು. ಮಧ್ಯಾಹ್ನ ಊಟದ ಹೊತ್ತಿಗೆ ಹಿಂದಿರುಗಿದರು. ತಂಗಿಯ ಮುಖ ನೋಡಿಯೇ ಬೋರ್ಡಕ್ಕನಿಗೆ ತಿಳಿಯಿತು.

"ಆ ಕಂಪ್ಯೂಟರನ್ನ ಲೆಕ್ಕದಿಂದ ತೆಗೆದಾಗ ಕೀಲೀನೂ ಅಳಿಸಿಬಿಟ್ರಂತೆ. ಅಲ್ಲಿರೋ ಹುಡುಗಿ ಪಾಪ, ಎರಡು ಗಂಟೆ ಹುಡುಕಿದ್ಳು. ಅಣ್ಣನ ದನಿ ಕೇಳ್ಕೊಂಡೇ ಕಾಲೇಜಿಗೆ ಬಸ್ಸು ಹತ್ತುತಿದ್ಳಂತೆ ಅವಳು."

ಮೊಬೈಲಿನ ಮೇಜಿನಿಂದ ಗಂಡ ಬೋರ್ಡಕ್ಕನನ್ನು ಹಿಂದಕ್ಕೆ ಕರೆದ. ಅವನು ಎಲ್ಲವನ್ನೂ ನೋಡುತ್ತಿದ್ದ. ಅವಳು ಕಪಾಟಿನ ಮುಂದೆ ನಿಂತ ರೀತಿಯಲ್ಲೇ ಅವನಿಗೆ ಅರ್ಥವಾಗಿತ್ತು.

"ಹಳೇ ಸಪ್ಲೈ ಚೆನ್ನಾಗಿದೆ ಅಲ್ವಾ?" ಎಂದು ಮೆಲ್ಲಗೆ ಕೇಳಿದ.

"ಚೆನ್ನಾಗಿದೆ."

"ಹೇಳಬೇಡ. ಹಳೇ ಬೋರ್ಡು, ಇವತ್ತಲ್ಲ ನಾಳೆ ಹೋಗ್ತಿತ್ತು. ಹೇಳಿ ಅವರಿಗೇನು ಸಿಗುತ್ತೆ?"

ಅವಳು ಮೇಜಿಗೆ ಹೋಗಿ ಕೂತಳು. ಹೇಳುವುದು ಬಿಡುವುದು ಆಮೇಲಿನ ಮಾತು. ಬೋರ್ಡು ಒಂದೇ ಒಂದು ಸಲ, ಹತ್ತು ನಿಮಿಷ ಎದ್ದರೆ ಸಾಕು. ಬೀಗ ತಾನಾಗಿ ತೆರೆಯುತ್ತದೆ, ದನಿಯನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಬಹುದು.

"ನೋಡಿ," ಎಂದಳು ಅನೌನ್ಸರಿಗೆ. "ಶಾರ್ಟ್ ಎಲ್ಲಿದೆ ಅಂತ ಹುಡುಕ್ತೀನಿ. ತೆಗೆದರೆ ನಾಲ್ಕು ಬೀಪ್ ನಿಲ್ಲುತ್ತೆ. ಆಮೇಲೆ ಐದು ಬಂದ್ರೆ ಖುಷಿಪಡಿ. ಯಾಕಂದ್ರೆ ಮೆಮೊರಿ ಕಿತ್ತಿಟ್ಟಿದ್ದೀನಲ್ಲ, ಬೋರ್ಡಿಗೆ ಬುದ್ಧಿ ಇದ್ರೆ ಮೆಮೊರಿ ಎಲ್ಲಿ ಅಂತ ಕೇಳಬೇಕು. ಏಳು ಬಂದ್ರೆ..." ಅವಳು ನಿಲ್ಲಿಸಿದಳು. "ಏಳು ಬರಬಾರದು."

ಅವರು ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತರು.

ಮೀಟರಿನ ಎರಡು ಸೂಜಿ ಇಟ್ಟರೆ ಬೋರ್ಡಿನ ಒಂದು ಮೂಲೆಯಲ್ಲಿ ಅದು ಕುಯ್ಯೆಂದು ಕೂಗುತ್ತಿತ್ತು, ಅಲ್ಲಿ ಶಾರ್ಟ್ ಇತ್ತು. ಆದರೆ ಆ ಮೂಲೆಯಲ್ಲಿ ಎಳ್ಳಿನ ಕಾಳಿನಷ್ಟು ಕೆಪಾಸಿಟರ್‌ಗಳು ಎಪ್ಪತ್ತು ಎಂಬತ್ತು ಇದ್ದವು, ಎಲ್ಲ ಒಂದೇ ಕರೆಂಟಿನ ಗೆರೆಗೆ ಕಟ್ಟಿದವು. ಅವಳು ಆ ಗೆರೆಗೆ ಹೊರಗಿನಿಂದ ಒಂದು ವೋಲ್ಟಿನಷ್ಟು ಕೊಟ್ಟು, ಬೋರ್ಡು ತೊಳೆಯುವ ಸ್ಪಿರಿಟ್ಟನ್ನು ಹತ್ತಿಯಿಂದ ತೆಳ್ಳಗೆ ಸವರಿದಳು. ಶಾರ್ಟ್ ಆದದ್ದು ಬಿಸಿಯಾಗಬೇಕು, ಬಿಸಿಯಾದದ್ದರ ಮೇಲೆ ಸ್ಪಿರಿಟ್ ಮೊದಲು ಒಣಗಬೇಕು. ನಾಲ್ಕು ಜೋಡಿ ಕಣ್ಣು ಆ ಒದ್ದೆಯ ಮೇಲೆ ನೆಟ್ಟವು. ದೊಡ್ಡ ಚಿಪ್ಪಿನ ಪಕ್ಕದಲ್ಲೇ ಒಂದು ಕಾಳಿನ ಸುತ್ತ ಒದ್ದೆ ಸರ್ರನೆ ಹಿಂದೆ ಸರಿಯಿತು.

"ಸಿಕ್ಕಿತು," ಎಂದ ಗಂಡ. ಅವನು ಯಾವಾಗ ಎದ್ದು ಬಂದು ಹಿಂದೆ ನಿಂತಿದ್ದನೋ.

ಬಿಸಿಗಾಳಿಯಲ್ಲಿ ಆ ಕಾಳನ್ನು ಎತ್ತಿ ತೆಗೆದಳು. ಮೀಟರ್ ಇಟ್ಟಳು, ಕೂಗಲಿಲ್ಲ. ತಂಗಿ ಎರಡೂ ಕೈ ಎದೆಗೆ ಒತ್ತಿಕೊಂಡಳು. ಬೋರ್ಡಕ್ಕ ಸಪ್ಲೈ ಜೋಡಿಸಿ ಬಟನ್ ಒತ್ತಿದಳು. ಫ್ಯಾನು ಕಾಲು ಸುತ್ತಿಗೆ ನಿಲ್ಲದೆ ಗಿರ್ರನೆ ತಿರುಗಿತು. ಹಸಿರು ದೀಪ ಆರಲಿಲ್ಲ.

ಕೆಂಪು ದೀಪ ಮಿನುಗತೊಡಗಿತು. ಅನೌನ್ಸರ್ ಬೆರಳು ಮಡಿಚುತ್ತಾ ಎಣಿಸಿದರು. ಒಂದು. ಎರಡು. ಮೂರು. ನಾಲ್ಕು. ಅಲ್ಲಿಗೆ ನಿಲ್ಲಲಿಲ್ಲ. ಐದು. ಅವರ ಮುಖ ಅರಳಿತು, ಹೆಬ್ಬೆರಳು ಮಡಿಸಿದ ಮುಷ್ಟಿಯನ್ನು ತಂಗಿಯ ಕಡೆ ಎತ್ತಿ ತೋರಿಸಿದರು. ಆರು. ಅವರು ಇನ್ನೊಂದು ಕೈಯ ಕಿರುಬೆರಳನ್ನು ಮಡಿಚಲಿಲ್ಲ, ಅದನ್ನೇ ನೋಡುತ್ತ ಕೂತರು. ಏಳು.

ಎರಡು ಸೆಕೆಂಡು ಮೌನ. ಮತ್ತೆ ಒಂದರಿಂದ ಏಳು.

ಬೋರ್ಡಕ್ಕ ಮೆಮೊರಿ ಹಾಕಿದಳು, ಏಳು. ತೆಗೆದಳು, ಏಳು. ಮೆಮೊರಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಬೋರ್ಡಿಗೆ ಅದನ್ನು ಕೇಳುವಷ್ಟೂ ತ್ರಾಣ ಇರಲಿಲ್ಲ. ದೊಡ್ಡ ಚಿಪ್ಪಿನ ಮೇಲೆ ಬೆರಳಿಟ್ಟವಳು ಚುರ್ರೆಂದು ಹಿಂದಕ್ಕೆ ಎಳೆದುಕೊಂಡಳು. ಹತ್ತು ಸೆಕೆಂಡಿನಲ್ಲಿ ಅದು ಒಲೆಯ ಮೇಲಿನ ಹಂಚಾಗಿತ್ತು. ಪಕ್ಕದ ಕೆಪಾಸಿಟರ್ ಸಾಯುವಾಗ ಅದನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಕೀಲಿ ಇದ್ದದ್ದು ಅದರೊಳಗೆ. ಬೇರೆ ಬೋರ್ಡಿನಿಂದ ಅಂಥದೇ ಚಿಪ್ಪು ತಂದು ಕೂರಿಸಬಹುದು. ಅದರಲ್ಲಿ ಈ ಕೀಲಿ ಇರುವುದಿಲ್ಲ.

ಅವಳು ಸ್ವಿಚ್ ಆರಿಸಿದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಬರಲ್ಲ," ಎಂದಳು. ಆಮೇಲೆ, ಗಂಡನ ಕಡೆ ನೋಡದೆ, "ಇನ್ನೂ ಒಂದು ಮಾತಿದೆ. ಮೊದಲನೇ ಸಲ ತಂದಾಗ ನಿಮ್ಮ ಸಪ್ಲೈ ಕೆಟ್ಟಿರಲಿಲ್ಲ. ಆಗಲೇ ಬೋರ್ಡಿನಲ್ಲಿ ದೋಷ ಇತ್ತು. ನಾನು ಬಿಡಿಸಿ ನೋಡಲಿಲ್ಲ. ದೊಡ್ಡ ಸಪ್ಲೈ ಹಾಕಿ ಕಳಿಸಿದೆ. ಅದೇ ಇದನ್ನ ಸುಟ್ಟಿದ್ದು."

ಟೇಬಲ್ ಫ್ಯಾನು ಈ ಕಡೆಯಿಂದ ಆ ಕಡೆಗೆ ತಿರುಗಿತು. ಅನೌನ್ಸರ್ ನೋಟ್‌ಬುಕ್ ತೆಗೆದು ನಿಧಾನವಾಗಿ ಬರೆದು ಅವಳ ಮುಂದೆ ಹಿಡಿದರು.

'ಆವತ್ತು ಗೊತ್ತಾಗಿದ್ದರೆ ಉಳಿಯುತ್ತಿತ್ತೇ?'

"ಉಳೀತಿತ್ತು. ಆ ಕೆಪಾಸಿಟರ್ ಒಂದನ್ನ ತೆಗೆದಿದ್ರೆ ಸಾಕಿತ್ತು."

ಅವರು ನೋಟ್‌ಬುಕ್ ಮುಚ್ಚಿ ಜೇಬಿಗಿಟ್ಟುಕೊಂಡರು. ಬೈಯಲು ಅವರಿಗೆ ದನಿ ಇರಲಿಲ್ಲ, ಬರೆದು ಬೈಯುವ ಮನಸ್ಸೂ ಇದ್ದಂತೆ ಕಾಣಲಿಲ್ಲ.

ತಂಗಿ ಹೇಳಿದಳು, "ನಿಮಗೆ ಪೂರ್ತಿ ಗೊತ್ತಿಲ್ಲ ಅಕ್ಕ. ಮನೇಲಿ ಅಮ್ಮ ಇದ್ದಾರೆ. ಎಂಬತ್ತಾರು. ಕಣ್ಣು ಕಾಣಿಸಲ್ಲ, ಹಾಸಿಗೆ ಬಿಟ್ಟು ಏಳಲ್ಲ. ಅಣ್ಣನ ಆಪರೇಷನ್ ವಿಷಯ ಅವರಿಗೆ ಹೇಳೇ ಇಲ್ಲ. ಪಕ್ಕದ ಕೋಣೇಲಿ ಕೂತು ಅಣ್ಣ ಟೈಪ್ ಮಾಡ್ತಾರೆ, ಅಮ್ಮನ ತಲೆ ಹತ್ರ ಸ್ಪೀಕರ್ ಇದೆ. ಎರಡು ವರ್ಷದಿಂದ ಮಗ ಮಾತಾಡ್ತಿದ್ದಾನೆ ಅಂತಾನೇ ಅವರು ತಿಳ್ಕೊಂಡಿರೋದು. ನಿನ್ನೆಯಿಂದ ಕೇಳ್ತಾನೇ ಇದ್ದಾರೆ, ಅವನಿಗೆ ನನ್ನ ಮೇಲೆ ಕೋಪವಾ ಅಂತ."

ಬೋರ್ಡಕ್ಕ ಕಂಪ್ಯೂಟರಿನ ಮುಚ್ಚಳ ಹಾಕಿ ಸ್ಕ್ರೂ ತಿರುಗಿಸತೊಡಗಿದಳು.

"ನೀವು ಬನ್ನಿ ನಮ್ಮ ಜೊತೆ. ಏನಾಯ್ತು ಅಂತ ನೀವೇ ಹೇಳಿ. ನನ್ನಿಂದ ಆಗಲ್ಲ," ಎಂದಳು ತಂಗಿ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಮನೆ ಎರಡು ಬೀದಿ ಆಚೆ, ಮೊದಲನೆಯ ಮಹಡಿಯಲ್ಲಿ. ಮುಚ್ಚಿದ ಕಂಪ್ಯೂಟರನ್ನು ಬೋರ್ಡಕ್ಕನೇ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಇಳಿಬಿಸಿಲು ಕಿಟಕಿಯಿಂದ ಮಂಚದ ಕಾಲಿನವರೆಗೆ ಬಂದಿತ್ತು. ಮುದುಕಿ ಗೋಡೆಗೆ ಒರಗಿ ಕೂತಿದ್ದರು. ಬೆಳ್ಳಗಿನ ಕೂದಲನ್ನು ಯಾರೋ ನೀಟಾಗಿ ಬಾಚಿದ್ದರು. ಹೆಜ್ಜೆಯ ಸದ್ದಿಗೆ ಮುಖ ತಿರುಗಿತು.

"ಯಾರು ಬಂದಿದ್ದು? ಹೊಸ ಹೆಜ್ಜೆ ಇದೆ."

"ಕಂಪ್ಯೂಟರ್ ರಿಪೇರಿ ಮಾಡೋಳು ಅಮ್ಮ," ಎಂದಳು ಬೋರ್ಡಕ್ಕ.

"ಬಾರಮ್ಮ, ಕೂತ್ಕೋ. ನನ್ನ ಮಗ ಮನೇಲೇ ಇದ್ದಾನಾ? ಸ್ವಲ್ಪ ಹೇಳಮ್ಮ ಅವನಿಗೆ. ನಾನೇನೋ ಮುದಿ ಬಾಯಿಗೆ ಬಂದದ್ದು ಅಂದಿರ್ತೀನಿ. ಅದಕ್ಕೆ ಎರಡು ದಿನ ಮಾತು ಬಿಡೋದಾ? ಚಿಕ್ಕವನಾಗಿದ್ದಾಗ್ಲೂ ಹೀಗೇ, ಮುನಿಸು ಬಂದ್ರೆ ಬಾಯಿಗೆ ಬೀಗ."

ಬೋರ್ಡಕ್ಕ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಕೈಗೆ ಸಿಗಲಿಲ್ಲ. "ಮಿಷನ್ ಕೆಟ್ಟಿದೆ ಅಮ್ಮ," ಎಂದಳು. "ನನ್ನ ತಪ್ಪು. ನಾನೇ ಕೆಡಿಸಿದ್ದು."

"ಮಿಷನ್ ಕೆಟ್ಟರೆ ಕೆಡಲಿ. ಅದಕ್ಕೂ ಅವನು ಮಾತಾಡೋದಕ್ಕೂ ಏನು ಸಂಬಂಧ?"

ತಂಗಿ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ನಿಂತಿದ್ದಳು. ಬೋರ್ಡಕ್ಕ ಮತ್ತೊಮ್ಮೆ ಬಾಯಿ ತೆರೆದಳು, ಅಷ್ಟರಲ್ಲಿ ಅನೌನ್ಸರ್ ಕೈಯೆತ್ತಿ ಸಾಕೆಂದರು. ಅವರು ಬಂದು ಮಂಚದ ಅಂಚಿನಲ್ಲಿ ಕೂತರು. ಕತ್ತಿನ ಬಟ್ಟೆಯ ಗಂಟು ಬಿಚ್ಚಿದರು. ತಾಯಿಯ ಬಲಗೈ ಹಿಡಿದು, ಅದರ ಬೆರಳುಗಳನ್ನು ತಂದು ತಮ್ಮ ಗಂಟಲಿನ ರಂಧ್ರದ ಅಂಚಿಗೆ ಇಟ್ಟರು.

ಮುದುಕಿಯ ಬೆರಳು ಅಲ್ಲಿ ಬೆಚ್ಚಗಿನ ಉಸಿರನ್ನು ಮುಟ್ಟಿ ತಟ್ಟನೆ ನಿಂತಿತು. ಆಮೇಲೆ ಮೆಲ್ಲಗೆ ಸುತ್ತಲೂ ಸವರಿತು. ಒಂದು ಸುತ್ತು, ಇನ್ನೊಂದು ಸುತ್ತು. ಕೈ ಮೇಲೆ ಹೋಗಿ ಗದ್ದ, ತುಟಿ, ಮೂಗು, ಹಣೆ ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ಇದು ತನ್ನ ಮಗನೇ ಎಂದು ಖಾತ್ರಿ ಮಾಡಿಕೊಂಡಿತು.

"ಯಾವಾಗ?" ಎಂದರು.

"ಎರಡು ವರ್ಷ ಆಯ್ತಮ್ಮ," ಎಂದಳು ತಂಗಿ. "ಗಡ್ಡೆ ಇತ್ತು. ತೆಗೀದೇ ಇದ್ರೆ ಜೀವಕ್ಕೇ ಅಪಾಯ ಅಂದ್ರು. ನಿನಗೆ ಹೇಳಿದ್ರೆ ನೀನು ತಡ್ಕೊಳ್ಳಲ್ಲ ಅಂತ..."

ಬಿಸಿಲು ಮಂಚದ ಕಾಲು ಬಿಟ್ಟು ನೆಲಕ್ಕೆ ಸರಿಯಿತು. ಮುದುಕಿಯ ಕೈ ಇನ್ನೂ ಮಗನ ಕೆನ್ನೆಯ ಮೇಲಿತ್ತು.

"ಹಾಗಾದ್ರೆ ಇಷ್ಟು ದಿನ ನನ್ನ ಹತ್ರ ಮಾತಾಡಿದ್ದು ಯಾರು?"

ಅನೌನ್ಸರ ತುಟಿ ಅಲುಗಿತು, ಅಮ್ಮ ಎಂಬ ಆಕಾರದಲ್ಲಿ. ಸದ್ದು ಬರಲಿಲ್ಲ. ಮುದುಕಿ ಕೈಯನ್ನು ಮಗನ ಕೆನ್ನೆಯಿಂದ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು.

ಬೋರ್ಡಕ್ಕ ಎದ್ದಳು. ಯಾರೂ ಅವಳನ್ನು ಇರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲಿನಲ್ಲಿ ಕೂತುಬಿಟ್ಟಳು. ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಗುಂಪಾಗಿ ಹೋಗುತ್ತಿದ್ದರು, ಎಲ್ಲರೂ ಒಟ್ಟಿಗೇ ಮಾತಾಡುತ್ತಾ.